ಮೂತ್ರದ ರಿಪೋರ್ಟಿನ ಐದು ಸಾಲು

ಎರಡು ದಿನದಿಂದ ಉರಿಮೂತ್ರವಿರುವ ಹೆಣ್ಣುಮಗಳೊಬ್ಬರ ರಿಪೋರ್ಟ್ ಹೀಗಿದೆ ಎಂದುಕೊಳ್ಳಿ: ಲ್ಯೂಕೋಸೈಟ್ 2+, ನೈಟ್ರೈಟ್ ನೆಗೆಟಿವ್, ರಕ್ತ 1+, ಪ್ರೋಟೀನ್ ಟ್ರೇಸ್, ಗ್ಲೂಕೋಸ್ ಇಲ್ಲ. ‘ನೈಟ್ರೈಟ್ ಇಲ್ಲವಲ್ಲ, ಸೋಂಕಿಲ್ಲ’ ಎಂದು ಅವರು ಸುಮ್ಮನಾಗಬಹುದೇ?

ಆಗದು. ಮೂತ್ರದಲ್ಲಿರುವ ನೈಟ್ರೇಟನ್ನು ಬ್ಯಾಕ್ಟೀರಿಯಾ ನೈಟ್ರೈಟ್ ಆಗಿ ಮಾರ್ಪಡಿಸಲು ಮೂತ್ರ ಚೀಲದಲ್ಲಿ ಸುಮಾರು 4 ಗಂಟೆ ನಿಲ್ಲಬೇಕು. ಉರಿಯಿಂದ ಗಳಿಗೆಗೊಮ್ಮೆ ಹೋಗುವವರಲ್ಲಿ ಅಷ್ಟು ಹೊತ್ತು ಎಲ್ಲಿ ನಿಲ್ಲುತ್ತದೆ? ಎಂಟೆರೋಕಾಕಸ್‌ನಂಥ ಬ್ಯಾಕ್ಟೀರಿಯಾಕ್ಕಂತೂ ಈ ಮಾರ್ಪಾಡು ಬಾರದು. ಪಾಸಿಟಿವ್ ಬಂದರೆ ಅದು ಬಲವಾದ ಸಾಕ್ಷಿ. ನೆಗೆಟಿವ್ ಬಂದರೆ ಭರವಸೆಯಲ್ಲ.

ಲ್ಯೂಕೋಸೈಟ್ ಎಸ್ಟರೇಸ್ ಬಿಳಿ ರಕ್ತಕಣಗಳ ಕಿಣ್ವ. ಉರಿಮೂತ್ರದ ಜೊತೆ 2+ ಬಂದರೆ ಸೋಂಕಿನ ಅನುಮಾನ ಗಟ್ಟಿಯಾಗುತ್ತದೆ. ಬಿಳಿಸೆರಗು ಬೆರೆತರೂ ಇದು ಪಾಸಿಟಿವ್ ಆಗುವುದರಿಂದ ಮೊದಲ ಧಾರೆ ಬಿಟ್ಟು ನಡುವಿನದನ್ನು ಹಿಡಿಯಬೇಕು.

ರಕ್ತ 1+ ಸೋಂಕಿನಿಂದಲೂ, ಮುಟ್ಟಿನಿಂದಲೂ ಬರಬಹುದು. ಪಟ್ಟಿ ಸ್ನಾಯುವಿನ ಮಯೋಗ್ಲೋಬಿನ್‌ಗೂ ಬಣ್ಣ ತಿರುಗುವುದರಿಂದ ಕೆಂಪುಕಣಗಳನ್ನು ಸೂಕ್ಷ್ಮದರ್ಶಕದಲ್ಲೇ ಖಚಿತಪಡಿಸಬೇಕು. ಪ್ರೋಟೀನ್ ಟ್ರೇಸ್ ಜ್ವರದಲ್ಲೂ, ನೀರು ಕಡಿಮೆಯಾಗಿ ಮೂತ್ರ ಗಾಢವಾದಾಗಲೂ ಕಾಣುತ್ತದೆ. ಸೋಂಕು ವಾಸಿಯಾದ ಮೇಲೆ ಇವೆರಡನ್ನೂ ಮತ್ತೆ ಪರೀಕ್ಷಿಸಬೇಕು. ಆಗಲೂ ಉಳಿದಿದ್ದರೆ ಮೂತ್ರಪಿಂಡದ ತಪಾಸಣೆ ಬೇಕು.

ಗ್ಲೂಕೋಸ್ ಇಲ್ಲವೆಂದರೆ ಸಕ್ಕರೆ ಕಾಯಿಲೆ ಇಲ್ಲವೆಂದಲ್ಲ. ರಕ್ತದಲ್ಲಿ ಅದು ಸಾಮಾನ್ಯವಾಗಿ 180 ಮಿ.ಗ್ರಾಂ. ದಾಟಿದ ಮೇಲಷ್ಟೇ ಮೂತ್ರಕ್ಕೆ ಸೋರುತ್ತದೆ.

ಈಕೆಗೆ ಮುಂದಿನ ದಾರಿ ವೈದ್ಯರ ಭೇಟಿ, ಅಗತ್ಯವಿದ್ದರೆ ಮೂತ್ರದ ಕಲ್ಚರ್. ಚಳಿಜ್ವರ, ಪಕ್ಕೆನೋವು ಇದ್ದರೆ ಅಥವಾ ಗರ್ಭಿಣಿಯಾಗಿದ್ದರೆ ಅದೇ ದಿನ ಹೋಗಬೇಕು.