ಗಾಯ ‘ಒಣಗಬೇಕು’ ಅಂದವರು ಯಾರು?

ಗಾಯ ವಾಸಿಯಾದರೆ ‘ಒಣಗಿತು’ ಅನ್ನುವುದು ನಮ್ಮ ರೂಢಿ. ನರ್ಸಿಂಗ್ ಡಿಪ್ಲೊಮಾ ವಿದ್ಯಾರ್ಥಿನಿ ಪರೀಕ್ಷೆಗೆ ಮುನ್ನ ಹಾಸ್ಟೆಲ್ ಗೋಡೆಗೆ ಅಂಟಿಸಿಕೊಳ್ಳುವ ಚಾರ್ಟು ಮಾತ್ರ ಇದನ್ನು ಒಪ್ಪುವುದಿಲ್ಲ. 1962ರಲ್ಲಿ ಜಾರ್ಜ್ ವಿಂಟರ್ ಎಂಬ ವಿಜ್ಞಾನಿ ಹಂದಿಗಳ ಮೈಮೇಲಿನ ಕೆಲವು ಗಾಯಗಳನ್ನು ಪಾಲಿಥೀನ್ ಹಾಳೆಯಿಂದ ಮುಚ್ಚಿ, ಉಳಿದವನ್ನು ಗಾಳಿಗೆ ಬಿಟ್ಟು ನೋಡಿದರು. ಮುಚ್ಚಿದವುಗಳ ಮೇಲೆ ಹೊಸ ಚರ್ಮ ಸುಮಾರು ಎರಡು ಪಟ್ಟು ಬೇಗ ಹರಡಿತ್ತು. ಒಣ ಹಕ್ಕಳೆಯಿದ್ದರೆ ಕೋಶಗಳು ಅದರಡಿ ದಾರಿ ಕೊರೆದುಕೊಂಡು ಹೋಗಬೇಕು. ತೇವವಿದ್ದರೆ ಸಲೀಸಾಗಿ ಸರಿಯುತ್ತವೆ.

ಚಾರ್ಟಿನಲ್ಲಿ ನಾಲ್ಕು ಸಾಲು. ರಕ್ತ ಹೆಪ್ಪುಗಟ್ಟುವುದು ಮೊದಲನೆಯದು, ಅದು ನಿಮಿಷಗಳ ಮಾತು. ಆಮೇಲೆ ಕೆಲವು ದಿನ ಉರಿಯೂತ: ಬಿಳಿ ರಕ್ತಕಣಗಳು ಬಂದು ಕಸ ಗುಡಿಸುತ್ತವೆ. ಮೂರನೆಯದರಲ್ಲಿ ಕೆಂಪು ಕಾಳುಕಾಳಾದ ಹೊಸ ಮಾಂಸ ತುಂಬುತ್ತದೆ, ಸರಿಸುಮಾರು ನಾಲ್ಕನೇ ದಿನದಿಂದ ಮೂರು ವಾರದವರೆಗೆ. ಕೊನೆಯದು ಕಲೆ ಗಟ್ಟಿಯಾಗುವ ಕಾಲ, ಒಂದು ವರ್ಷಕ್ಕೂ ಮೀರಬಹುದು.

ವಿದ್ಯಾರ್ಥಿಗಳು ಎಡವುವುದು ಈ ದಿನಗಳ ಲೆಕ್ಕದಲ್ಲೇ. ಕುಡುಗೋಲು ತಗುಲಿ ಮೊಣಕಾಲ ಕೆಳಗೆ ಗಾಯವಾದ ಸಕ್ಕರೆ ಕಾಯಿಲೆಯ ರೈತರೊಬ್ಬರು ಹನ್ನೆರಡನೇ ದಿನ ಬಂದರು ಅನ್ನಿ. ದಿನ ಎಣಿಸಿದರೆ ಮೂರನೇ ಹಂತ. ಅಂಟಿಸಿ ನಾಲ್ಕೈದು ದಿನ ಬಿಡುವ ಹೈಡ್ರೋಕೊಲಾಯ್ಡ್ ಸಾಕು ಅನ್ನಿಸುತ್ತದೆ. ಗಾಯ ಬಿಚ್ಚಿ ನೋಡಿದರೆ ಬೇರೆಯೇ ಕಥೆ: ತಳದಲ್ಲಿ ಹಳದಿ ಲೋಳೆ, ಬ್ಯಾಂಡೇಜು ತೊಯ್ದಿದೆ, ಸುತ್ತಲ ಚರ್ಮ ನೀರಲ್ಲಿ ನೆನೆದ ಬೆರಳಿನಂತೆ ಬಿಳಿಚಿದೆ. ಗಾಯ ಇನ್ನೂ ಎರಡನೇ ಹಂತದಲ್ಲೇ ನಿಂತಿದೆ. ಅಂಟು ಹಾಳೆ ಹಾಕಿದರೆ ರಸ ಒಳಗೇ ನಿಲ್ಲುತ್ತದೆ, ಸೋಂಕಿದ್ದರೆ ಕಣ್ಣಿಗೂ ಬೀಳುವುದಿಲ್ಲ.

ಇಲ್ಲಿಗೆ ಬೇಕಾದದ್ದು ಆಲ್ಜಿನೇಟ್. ಕಂದು ಕಡಲಪಾಚಿಯಿಂದ ಮಾಡಿದ ಇದು ರಸ ಹೀರಿ ತಾನೇ ಲೋಳೆಯಾಗುತ್ತದೆ. ಸಲೈನ್‌ನಲ್ಲಿ ತೊಳೆದು, ಗಾಯದೊಳಗೆ ಮಾತ್ರ ಹಗುರವಾಗಿ ಇಟ್ಟು, ಮೇಲೆ ಹೀರುವ ಪ್ಯಾಡ್ ಕಟ್ಟಬೇಕು. ಸಕ್ಕರೆಯ ಮಟ್ಟವನ್ನೂ ನೋಡಬೇಕು, ಅದು ಇಳಿಯದೆ ಯಾವ ಡ್ರೆಸ್ಸಿಂಗೂ ದಡ ಸೇರಿಸದು. ಕೆಲವು ದಿನಗಳ ಮೇಲೆ ಆಲ್ಜಿನೇಟ್ ಒಣಗಿ ಅಂಟಿಕೊಂಡೇ ಬಂದರೆ ರಸ ಕಡಿಮೆಯಾಗಿದೆ ಎಂದರ್ಥ. ಸಲೈನ್ ಹಾಕಿ ನೆನೆಸಿಯೇ ಬಿಡಿಸಿ. ಎಳೆದರೆ ಹೊಸ ಮಾಂಸವೇ ಕಿತ್ತು ಬರುತ್ತದೆ. ತಳ ಕೆಂಪಾಗಿದ್ದರೆ ಈಗ ಫೋಮ್ ಡ್ರೆಸ್ಸಿಂಗ್. ಅಂಚಿನಿಂದ ಗುಲಾಬಿ ಚರ್ಮ ಮುಚ್ಚಿಕೊಳ್ಳತೊಡಗಿದಾಗ ಪ್ಯಾರಾಫಿನ್ ಗಾಜು ಸಾಕು.

ಹಾಗಾಗಿ ನನ್ನ ಚಾರ್ಟಾದರೆ ದಿನಗಳ ಕಲಮಿನ ಪಕ್ಕದಲ್ಲಿ ಬಣ್ಣ, ತೇವ ಎಂಬ ಇನ್ನೆರಡು ಕಲಮು ಹಾಕುತ್ತೇನೆ. ಕಪ್ಪು, ಒಣ ಎಂಬಲ್ಲಿ ಸತ್ತ ಪದರ ಮೆತ್ತಗಾಗಲು ಹೈಡ್ರೋಜೆಲ್ ಎಂದಿರುತ್ತದೆ. ಅದರ ಮುಂದೆ ಕೆಂಪು ಶಾಯಿಯಲ್ಲಿ ಒಂದು ಎಚ್ಚರಿಕೆ: ಹಿಮ್ಮಡಿಯ ಮೇಲೆ ಬಿಗಿಯಾಗಿ ಕೂತ ಒಣ ಕಪ್ಪು ಪದರವನ್ನು ನೆನೆಸಬೇಡಿ, ಮೊದಲು ಪಾದದ ನಾಡಿ ಮುಟ್ಟಿ ನೋಡಿ. ರಕ್ತ ಸರಿಯಾಗಿ ಹರಿಯದ ಕಾಲಿಗೆ ಆ ಒಣ ಮುಚ್ಚಳವೇ ಸದ್ಯದ ರಕ್ಷಣೆ.