‘ಪಿನ್ ಬೇಡ’ ಎನ್ನುವ ಸ್ಲೈಡು, ‘ಪಿನ್ ಯಾಕೆ ಕೇಳ್ತಿದೆ’ ಎನ್ನುವ ಕರೆ

2022ರ ಸೆಪ್ಟೆಂಬರ್ 20ರಂದು ಮುಂಬೈಯ ಗ್ಲೋಬಲ್ ಫಿನ್‌ಟೆಕ್ ಫೆಸ್ಟ್‌ನಲ್ಲಿ ರಿಸರ್ವ್ ಬ್ಯಾಂಕಿನ ಅಂದಿನ ಗವರ್ನರ್ ಶಕ್ತಿಕಾಂತ ದಾಸ್ ಅವರು ಯುಪಿಐ ಲೈಟ್‌ಗೆ ಚಾಲನೆ ಕೊಟ್ಟರು. ಟೀ, ತರಕಾರಿ, ಆಟೊ ಬಾಡಿಗೆಯಂಥ ಸಣ್ಣ ಪಾವತಿಗೆ ಪ್ರತಿ ಸಲವೂ ಪಿನ್ ಒತ್ತಬೇಕಾಗಿಲ್ಲ. ಬ್ಯಾಂಕ್ ಖಾತೆಯಿಂದ ಒಂದಿಷ್ಟು ಹಣವನ್ನು ಮೊದಲೇ ಫೋನಿನ ಆ್ಯಪ್‌ಗೆ ತುಂಬಿಟ್ಟುಕೊಂಡು ಅದರಿಂದಲೇ ಕೊಟ್ಟು ಮುಗಿಸಬಹುದು. ನಂತರ ಒಂದೊಂದೇ ಬ್ಯಾಂಕು, ಆ್ಯಪ್‌ಗಳು ಈ ಸೌಲಭ್ಯವನ್ನು ಗ್ರಾಹಕರಿಗೆ ಕೊಡತೊಡಗಿದವು.

ಇಂಥದ್ದೊಂದು ಸೇವೆ ಬಿಡುಗಡೆಯಾಗುವಾಗ ಕಂಪನಿಯೊಳಗೆ ಮೊದಲು ಹುಟ್ಟುವುದು ಒಂದು ಪ್ರೆಸೆಂಟೇಷನ್. ಅದನ್ನು ಡೆಕ್ ಎಂದು ಕರೆಯುವುದು ರೂಢಿ. ಹದಿನೈದೋ ಇಪ್ಪತ್ತೋ ಸ್ಲೈಡು, ದೊಡ್ಡ ಅಕ್ಷರ, ನಗುವ ಗ್ರಾಹಕರ ಚಿತ್ರ. ಆಡಳಿತ ಮಂಡಳಿ ಒಪ್ಪಲಿ, ಶಾಖೆಗಳು ಹುರುಪಿನಿಂದ ಮಾರಲಿ, ಪತ್ರಿಕೆಯವರಿಗೆ ಅರ್ಥವಾಗಲಿ ಎಂದು ಮಾಡಿದ ಕಡತ ಅದು. ಬಿಡುಗಡೆಗೆ ನಾಲ್ಕು ದಿನ ಇರುವಾಗ ಅದೇ ಡೆಕ್ಕನ್ನು ಕಸ್ಟಮರ್ ಕೇರ್ ತಂಡಕ್ಕೆ ಮೇಲ್ ಮಾಡಿ ‘ತರಬೇತಿ ಆಯಿತು’ ಎಂದು ಬರೆದುಕೊಳ್ಳುವ ಕಂಪನಿಗಳಿವೆ. ತೊಂದರೆ ಶುರುವಾಗುವುದು ಅಲ್ಲಿಂದಲೇ.

ಡೆಕ್ ಹೇಳುವುದು ‘ಈ ಸೇವೆ ಯಾಕೆ ಒಳ್ಳೆಯದು’ ಎಂಬುದನ್ನು. ಕರೆ ಮಾಡುವವರು ಕೇಳುವುದು ‘ನನ್ನ ದುಡ್ಡಿಗೆ ಏನಾಯಿತು’ ಎಂದು. ಮೊದಲನೆಯದನ್ನು ಎರಡನೆಯದರ ಉತ್ತರವಾಗಿ ಬದಲಿಸುವುದೇ ಸಿಬ್ಬಂದಿಗಾಗಿ ಪ್ರಶ್ನೋತ್ತರ ಪುಟ ಬರೆಯುವವರ ಕೆಲಸ. ಸ್ಲೈಡಿನ ವಾಕ್ಯದ ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಹಾಕಿದರೆ ಅದು ಆಗುವುದಿಲ್ಲ. ‘ಯುಪಿಐ ಲೈಟ್‌ನ ಪ್ರಯೋಜನಗಳೇನು?’ ಎಂದು ಕೇಳಲು ಯಾವ ಗ್ರಾಹಕರೂ ಹತ್ತು ನಿಮಿಷ ಸಾಲಿನಲ್ಲಿ ಕಾಯುವುದಿಲ್ಲ.

ಒಂದು ಮಧ್ಯಮ ಗಾತ್ರದ ಬ್ಯಾಂಕು ತನ್ನ ಆ್ಯಪ್‌ನಲ್ಲಿ ಯುಪಿಐ ಲೈಟ್ ತರುತ್ತಿದೆ ಎಂದಿಟ್ಟುಕೊಳ್ಳೋಣ. ಡೆಕ್ಕಿನಲ್ಲಿ ಮೂರು ದೊಡ್ಡ ಮಾತುಗಳಿವೆ: ‘ಪಿನ್ ಬೇಡ’, ‘ಪಾಸ್‌ಬುಕ್ ಹಗುರ’, ‘ಆಫ್‌ಲೈನ್ ತಂತ್ರಜ್ಞಾನ’. ಬರೆಯುವವರು ಮಾಡಬೇಕಾದ ಮೊದಲ ಕೆಲಸ ಈ ಒಂದೊಂದು ಮಾತನ್ನೂ ಎತ್ತಿಕೊಂಡು, ಅದನ್ನು ನಂಬಿದ ಗ್ರಾಹಕರಿಗೆ ಎಲ್ಲಿ ನಿರಾಸೆಯಾಗಬಹುದು ಎಂದು ಹುಡುಕುವುದು.

‘ಪಿನ್ ಬೇಡ’ ಎಂಬುದನ್ನೇ ನೋಡಿ. ಮಾತು ಸುಳ್ಳಲ್ಲ, ಆದರೆ ಅದಕ್ಕೆ ಷರತ್ತುಗಳಿವೆ. ಒಂದು ಪಾವತಿ ನಿಗದಿತ ಮಿತಿಯೊಳಗೆ ಇರಬೇಕು. ಲೈಟ್‌ನಲ್ಲಿ ಅಷ್ಟು ಹಣ ಉಳಿದಿರಬೇಕು. ಆಟೊ ಟಾಪ್-ಅಪ್ ಇಲ್ಲದೆ ಖಾತೆಯಿಂದ ಲೈಟ್‌ಗೆ ತಾವೇ ಹಣ ತುಂಬುವಾಗ ಪಿನ್ ಬೇಕು. ಡೆಕ್ಕಿನಲ್ಲಿ ಈ ಷರತ್ತುಗಳು ಇರುತ್ತವೆ, ಸ್ಲೈಡಿನ ಅಡಿಯಲ್ಲಿ ಚುಕ್ಕಿಯಷ್ಟು ಅಕ್ಷರದಲ್ಲಿ. ಪ್ರಶ್ನೋತ್ತರದಲ್ಲಿ ಅವೇ ಮೇಲೆ ಬರಬೇಕು. ಏಕೆಂದರೆ ಬರುವ ಕರೆ ಹೀಗಿರುತ್ತದೆ: “ಮೇಡಂ, ಪಿನ್ ಬೇಡ ಅಂತ ನೀವೇ ಮೆಸೇಜ್ ಕಳಿಸಿದ್ರಿ. ಈಗ ಅಂಗಡೀಲಿ ನಿಂತಿದ್ದೀನಿ, ಪಿನ್ ಕೇಳ್ತಾ ಇದೆ. ಯಾರಾದ್ರೂ ಮೋಸ ಮಾಡ್ತಿದ್ದಾರಾ?” ಕೊನೆಯ ಪ್ರಶ್ನೆಯನ್ನು ಗಮನಿಸಬೇಕು. ಡೆಕ್ ಮಾಡಿದವರಿಗೆ ಹೊಳೆಯದ ಭಯ ಅದು. ಪಿನ್ ವಂಚನೆಗಳ ಬಗ್ಗೆ ದಿನವೂ ಎಚ್ಚರಿಕೆ ಕೇಳುವ ಗ್ರಾಹಕರಿಗೆ ಅದು ಸಹಜ.

ಆದ್ದರಿಂದ ಪುಟದಲ್ಲಿ ಆ ಪ್ರಶ್ನೆ ಗ್ರಾಹಕರ ಬಾಯಿಮಾತಿನಲ್ಲೇ ಇರಬೇಕು. ಒಂದು ನಮೂದು ಹೀಗೆ ಬರಬಹುದು:

ಪ್ರಶ್ನೆ: ಯುಪಿಐ ಲೈಟ್ ಆನ್ ಮಾಡಿದ್ದೇನೆ, ಆದರೂ ಪಿನ್ ಯಾಕೆ ಕೇಳುತ್ತಿದೆ?

ಮೊದಲು ಹೇಳಿ: ಲೈಟ್‌ನಲ್ಲಿ ಹಣ ಸಾಲದಿದ್ದರೆ ಅಥವಾ ಮೊತ್ತ 1,000 ರೂಪಾಯಿ ಮೀರಿದರೆ ಪಾವತಿ ನಿಮ್ಮ ಬ್ಯಾಂಕ್ ಖಾತೆಯಿಂದ ಹೋಗಬೇಕಾಗುತ್ತದೆ, ಅದಕ್ಕೆ ಪಿನ್ ಬೇಕು. ಲೈಟ್‌ಗೆ ಹಣ ತುಂಬುವಾಗಲೂ ಪಿನ್ ಕೇಳುತ್ತದೆ.

ಕೇಳಿ: ಎಷ್ಟು ಹಣ ಕೊಡುತ್ತಿದ್ದೀರಿ? ಲೈಟ್‌ನಲ್ಲಿ ಎಷ್ಟು ಉಳಿದಿದೆ ಎಂದು ತೋರಿಸುತ್ತಿದೆ?

ಎಚ್ಚರ: ಹಣ ‘ಪಡೆಯಲು’ ಪಿನ್ ಹಾಕಿ ಎಂದು ಯಾರಾದರೂ ಹೇಳಿದ್ದರೆ ಅದು ವಂಚನೆ. ಪಿನ್ ಹಾಕಬೇಡಿ ಎನ್ನಿ. ಹಣ ಆಗಲೇ ಹೋಗಿದ್ದರೆ 1930ಕ್ಕೆ ದೂರು ಕೊಡಲು ಹೇಳಿ, ಕರೆಯನ್ನು ವಂಚನೆ ವಿಭಾಗಕ್ಕೆ ವರ್ಗಾಯಿಸಿ.

ನಾಲ್ಕು ಸಣ್ಣ ತುಂಡುಗಳಷ್ಟೇ, ಆದರೆ ಅವುಗಳ ಕ್ರಮಕ್ಕೆ ಅರ್ಥವಿದೆ. ಹೆಡ್‌ಫೋನ್ ಹಾಕಿಕೊಂಡು ಕೂತ ಹುಡುಗಿಗೆ ಪುಟ ಓದಲು ಸಿಗುವುದು ಕೆಲವೇ ಸೆಕೆಂಡು, ಆ ಕಡೆಯಿಂದ ಗ್ರಾಹಕರು ಮಾತಾಡುತ್ತಲೇ ಇರುತ್ತಾರೆ. ಬಾಯಿಬಿಟ್ಟು ಹೇಳಬಹುದಾದ ಮಾತು ಮೊದಲು, ಕಾರಣ ಹುಡುಕುವ ಪ್ರಶ್ನೆ ನಂತರ, ಕರೆ ತನ್ನ ಕೈಮೀರುವ ಗಡಿ ಕೊನೆಗೆ. ಉತ್ತರವನ್ನು ಗಟ್ಟಿಯಾಗಿ ಓದಿ ನೋಡುವುದು ಒಳ್ಳೆಯ ಪರೀಕ್ಷೆ. ಉಸಿರು ಕಟ್ಟಿದರೆ ವಾಕ್ಯವನ್ನು ಒಡೆಯಬೇಕು.

ಎರಡನೆಯ ಮಾತು ‘ಪಾಸ್‌ಬುಕ್ ಹಗುರ’. ಹತ್ತು, ಇಪ್ಪತ್ತು ರೂಪಾಯಿಯ ಸಾಲುಗಳು ಸ್ಟೇಟ್‌ಮೆಂಟ್ ತುಂಬುವುದಿಲ್ಲ, ಲೈಟ್‌ಗೆ ತುಂಬಿದ ಮೊತ್ತ ಮಾತ್ರ ಒಂದು ಸಾಲಾಗಿ ಕಾಣುತ್ತದೆ. ಬ್ಯಾಂಕಿಗೂ ಗ್ರಾಹಕರಿಗೂ ಇದು ನಿಜವಾದ ಅನುಕೂಲ. ಆದರೆ ತಿಂಗಳ ಕೊನೆಗೆ ಸ್ಟೇಟ್‌ಮೆಂಟ್ ನೋಡಿದವರಿಗೆ ಕಾಣುವುದೇನು? ತಾವು ಎಲ್ಲೂ ಖರ್ಚು ಮಾಡಿದ ನೆನಪಿಲ್ಲದ 1,000 ರೂಪಾಯಿ. “ಸಾವಿರ ಕಟ್ ಆಗಿದೆ, ನಾನು ಯಾರಿಗೂ ಕಳಿಸಿಲ್ಲ.” ಹಣ ತಾನಾಗಿ ತುಂಬಿಕೊಳ್ಳುವ ಆಟೊ ಟಾಪ್-ಅಪ್ ಸೌಲಭ್ಯಕ್ಕೆ ಒಪ್ಪಿಗೆ ಕೊಟ್ಟು ಮರೆತವರಿಂದ ಈ ಕರೆ ಇನ್ನೂ ಹೆಚ್ಚು ನಿರೀಕ್ಷಿಸಬಹುದು. ಉತ್ತರ ಸರಳ: ಆ ಹಣ ಖರ್ಚಾಗಿಲ್ಲ, ಲೈಟ್‌ಗೆ ಹೋಗಿದೆ. ಅದರಿಂದ ಮಾಡಿದ ಪಾವತಿಗಳ ಪಟ್ಟಿ ಆ್ಯಪ್‌ನ ಹಿಸ್ಟರಿಯಲ್ಲಿದೆ. ಜೊತೆಗೆ ಸ್ಟೇಟ್‌ಮೆಂಟಿನಲ್ಲಿ ಆ ಸಾಲು ಯಾವ ಹೆಸರಿನಲ್ಲಿ ಬರುತ್ತದೆ ಎಂಬುದನ್ನು ಅಕ್ಷರಶಃ ಪುಟದಲ್ಲಿ ಕೊಡಬೇಕು. ಆಗ ಸಿಬ್ಬಂದಿಯೂ ಗ್ರಾಹಕರೂ ಒಂದೇ ಸಾಲನ್ನು ನೋಡುತ್ತಾ ಮಾತಾಡಬಹುದು. ಡೆಕ್ಕಿನ ಚಿತ್ರಗಳು ಡಿಸೈನ್ ತಂಡದ ಕರಡಿನಿಂದ ಬಂದಿರುವುದುಂಟು. ಆದ್ದರಿಂದ ಬಿಡುಗಡೆಯಾಗಲಿರುವ ಆ್ಯಪ್ ತೆರೆದು, ಬಟನ್ನಿನ ಹೆಸರುಗಳನ್ನು ಒಂದೊಂದಾಗಿ ತಾಳೆ ನೋಡದೆ ಬರೆಯಬಾರದು.

ಮೂರನೆಯದು ಅತಿ ಅಪಾಯದ ಮಾತು. ಯುಪಿಐ ಲೈಟ್‌ನಲ್ಲಿ ಹಣ ಕೊಡುವವರ ಕಡೆಯ ಕಡಿತ, ಬ್ಯಾಂಕಿನ ಮುಖ್ಯ ವ್ಯವಸ್ಥೆಯನ್ನು ಪ್ರತಿ ಸಲ ಮುಟ್ಟದೆ, ಫೋನಿನಲ್ಲಿರುವ ಬಾಕಿಯ ಲೆಕ್ಕದಲ್ಲೇ ಆಗುತ್ತದೆ. ತಂತ್ರಜ್ಞರು ಅದನ್ನು ಆಫ್‌ಲೈನ್ ಎನ್ನುವುದು ಆ ಅರ್ಥದಲ್ಲಿ. ಪಡೆಯುವವರಿಗೆ ಹಣ ಜಮೆಯಾಗುವುದು ಮಾತ್ರ ಆನ್‌ಲೈನ್ ದಾರಿಯಲ್ಲೇ, ಹಾಗಾಗಿ ಫೋನಿಗೆ ಇಂಟರ್‌ನೆಟ್ ಬೇಕು. ಗ್ರಾಹಕರಿಗೆ ಆಫ್‌ಲೈನ್ ಎಂದರೆ ಒಂದೇ ಅರ್ಥ: ನೆಟ್‌ವರ್ಕ್ ಇಲ್ಲದಿದ್ದರೂ ನಡೆಯುತ್ತದೆ. ಘಾಟಿ ರಸ್ತೆಯ ಹೋಟೆಲಿನಲ್ಲಿ ಊಟ ಮುಗಿಸಿ, ಸಿಗ್ನಲ್ ಇಲ್ಲದೆ ನಿಂತವರಿಗೆ ಆ ಸ್ಲೈಡು ಮೋಸದಂತೆ ಕಾಣುತ್ತದೆ. ಇಂಟರ್‌ನೆಟ್ ಇಲ್ಲದೆ, ಎರಡು ಫೋನುಗಳನ್ನು ಹತ್ತಿರ ಹಿಡಿದು ಎನ್‌ಎಫ್‌ಸಿ ಮೂಲಕ ಹಣ ಕಳಿಸುವ ಯುಪಿಐ ಲೈಟ್ ಎಕ್ಸ್ ಬೇರೆಯೇ ಸೇವೆ, ಅದು ಬಂದದ್ದು 2023ರ ಸೆಪ್ಟೆಂಬರಿನಲ್ಲಿ. ಹೆಸರು ಇಷ್ಟು ಹತ್ತಿರವಿದ್ದಾಗ ‘ಎರಡೂ ಒಂದೇನಾ?’ ಎಂಬ ಪ್ರಶ್ನೆಗೆ ಪುಟದಲ್ಲಿ ಜಾಗ ಇರಲೇಬೇಕು. ಇಂಥ ಕಡೆ ಉತ್ತರ ಬರೆದರಷ್ಟೇ ಸಾಲದು. ಡೆಕ್ಕಿನ ಮಾತನ್ನೇ ತಿದ್ದಿಸಬೇಕು. ಜಾಹೀರಾತು ಒಂದು ಹೇಳಿ ಕಸ್ಟಮರ್ ಕೇರ್ ಇನ್ನೊಂದು ಹೇಳಿದರೆ ಬೈಗುಳ ತಿನ್ನುವುದು ಕರೆ ಎತ್ತಿದವರು.

ಇಷ್ಟೆಲ್ಲ ಡೆಕ್ಕಿನಲ್ಲಿ ಇದ್ದುದರಿಂದ ಹುಟ್ಟಿದ ಪ್ರಶ್ನೆಗಳಾದವು. ಇಲ್ಲದ್ದರಿಂದ ಹುಟ್ಟುವವು ಇನ್ನೂ ತೂಕದವು. ಯಾವ ಬಿಡುಗಡೆ ಡೆಕ್ಕಿನಲ್ಲೂ ‘ಪಾವತಿ ವಿಫಲವಾದರೆ’, ‘ಫೋನ್ ಕಳೆದುಹೋದರೆ’ ಎಂಬ ಸ್ಲೈಡು ಸುಲಭಕ್ಕೆ ಸಿಗುವುದಿಲ್ಲ. ಸೇವೆ ಆನ್ ಮಾಡುವುದು, ತುಂಬುವುದು, ಕೊಡುವುದು, ಹಣ ವಾಪಸ್ ಬರುವುದು, ಫೋನ್ ಬದಲಿಸುವುದು, ಸೇವೆ ನಿಲ್ಲಿಸುವುದು. ಗ್ರಾಹಕರು ನಡೆಯುವ ಈ ದಾರಿಯುದ್ದಕ್ಕೂ ಒಂದೊಂದು ಹೆಜ್ಜೆಯಲ್ಲಿ ನಿಂತು ‘ಇಲ್ಲಿ ಏನು ಕೆಡಬಹುದು’ ಎಂದು ಕೇಳಿದರೆ ಆ ಪ್ರಶ್ನೆಗಳು ಹೊರಬರುತ್ತವೆ.

ಉದಾಹರಣೆಗೆ ಹಣ ವಾಪಸಾತಿ. ಕೊಂಡ ವಸ್ತುವನ್ನು ಹಿಂದಿರುಗಿಸಿದಾಗ ಅಂಗಡಿಯವರು ಕೊಡುವ ರೀಫಂಡ್ ಬ್ಯಾಂಕ್ ಖಾತೆಗೆ ಹೋಗುತ್ತದೆ, ಲೈಟ್‌ಗೆ ಬರುವುದಿಲ್ಲ. ಲೈಟ್ ಬಾಕಿಯನ್ನೇ ದಿಟ್ಟಿಸುತ್ತಾ ‘ಹಣ ಬಂದಿಲ್ಲ’ ಎನ್ನುವ ಗ್ರಾಹಕರಿಗೆ ಈ ಒಂದು ವಾಕ್ಯ ಸಾಕು. ಪಾವತಿಯೇ ವಿಫಲವಾದದ್ದು ಬೇರೆ ಪ್ರಶ್ನೆ, ಅದಕ್ಕೆ ಬೇರೆ ನಮೂದು ಬೇಕು. ಯುಪಿಐ ಮೂಲಕ ಅಂಗಡಿಗೆ ಕೊಟ್ಟ ಹಣ ಕಡಿತವಾಗಿ ಅಂಗಡಿಗೆ ದೃಢೀಕರಣ ತಲುಪದಿದ್ದರೆ ಐದು ದಿನದೊಳಗೆ, ವ್ಯಕ್ತಿಗೆ ಕಳಿಸಿದ ಹಣ ಜಮೆಯಾಗದಿದ್ದರೆ ಮರುದಿನದೊಳಗೆ ತಾನಾಗಿ ಹಿಂದಿರುಗಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಎಂದು ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ 20ರ ಸುತ್ತೋಲೆ ಹೇಳುತ್ತದೆ. ವಿಫಲವಾದ ಲೈಟ್ ಪಾವತಿಯ ಹಣ ತಮ್ಮ ಆ್ಯಪ್‌ನಲ್ಲಿ ಎಲ್ಲಿಗೆ ಮರಳುತ್ತದೆ, ಸಿಬ್ಬಂದಿಯ ತೆರೆಯ ಮೇಲೆ ಅದು ಹೇಗೆ ಕಾಣುತ್ತದೆ ಎಂಬುದನ್ನು ಪಾವತಿ ವಿಭಾಗದಿಂದ ಬರಹದಲ್ಲಿ ಪಡೆಯಬೇಕು. ಫೋನ್ ಕಳೆದವರ ಪ್ರಶ್ನೆಗೂ ಹಾಗೆಯೇ. ಲಾಕ್ ತೆರೆದ ಫೋನು ಕೈಗೆ ಸಿಕ್ಕವರು ಪಿನ್ ಇಲ್ಲದೆಯೇ ಲೈಟ್ ಹಣ ಬಳಸಬಲ್ಲರು. ಬ್ಯಾಂಕ್ ಅದನ್ನು ಹೇಗೆ ತಡೆಯುತ್ತದೆ, ಉಳಿದ ಹಣವನ್ನು ಹೇಗೆ ಮರಳಿಸುತ್ತದೆ ಎಂಬ ಉತ್ತರ ಬರುವವರೆಗೆ ಆ ನಮೂದಿನಲ್ಲಿ ಊಹೆ ಬರೆಯಬಾರದು. ‘ಉತ್ತರ ಬಾಕಿ, ಈ ಕರೆಯನ್ನು ಮೇಲ್ವಿಚಾರಕರಿಗೆ ಕೊಡಿ’ ಎಂದಿದ್ದರೆ ಸಾಕು.

ಮೊತ್ತಗಳ ವಿಷಯಕ್ಕೆ ವಿಶೇಷ ಎಚ್ಚರ ಬೇಕು. ಯುಪಿಐ ಲೈಟ್ ಶುರುವಾದಾಗ ಒಂದು ಪಾವತಿಯ ಮಿತಿ 200 ರೂಪಾಯಿ, ಒಟ್ಟು ಇಟ್ಟುಕೊಳ್ಳಬಹುದಾದ ಹಣ 2,000. 2023ರ ಆಗಸ್ಟಿನಲ್ಲಿ ಪಾವತಿಯ ಮಿತಿ 500 ಆಯಿತು. 2024ರ ಡಿಸೆಂಬರಿನಲ್ಲಿ ಅದು 1,000ಕ್ಕೂ ಒಟ್ಟು ಮಿತಿ 5,000ಕ್ಕೂ ಏರಿತು. ಬಿಡುಗಡೆ ದಿನದ ಡೆಕ್ಕು ಆ ದಿನಕ್ಕೆ ನಿಂತುಬಿಡುತ್ತದೆ, ಅದರಲ್ಲಿ ಹಳೆಯ ಅಂಕಿ ಇದ್ದರೆ ತಪ್ಪೇನಿಲ್ಲ. ಪ್ರಶ್ನೋತ್ತರ ಪುಟದಲ್ಲಿ ಹಳೆಯ ಅಂಕಿ ಉಳಿದರೆ ಇಂದಿನ ಗ್ರಾಹಕರಿಗೆ ತಪ್ಪು ಮಾಹಿತಿ ಹೋಗುತ್ತದೆ. ಮಿತಿಯನ್ನು ಇಪ್ಪತ್ತು ಉತ್ತರಗಳಲ್ಲಿ ಚೆಲ್ಲುವ ಬದಲು ಒಂದೇ ಕಡೆ ಬರೆದು, ಉಳಿದವು ಅದನ್ನೇ ತೋರಿಸುವಂತೆ ಮಾಡುವುದು ಜಾಣತನ. ಪ್ರತಿ ನಮೂದಿನ ಕೆಳಗೆ ಕೊನೆಯ ಬಾರಿ ಪರಿಶೀಲಿಸಿದ ದಿನಾಂಕ, ಒಪ್ಪಿಗೆ ಕೊಟ್ಟ ವಿಭಾಗದ ಹೆಸರು ಇರಬೇಕು.

ಪುಟ ಸರಿಯಾಗಿದೆಯೇ ಎಂದು ತಿಳಿಯಲು ಡೆಕ್ಕನ್ನು ನೋಡದ ಇಬ್ಬರು ಸಿಬ್ಬಂದಿಯನ್ನು ಕೂರಿಸಿ, ಗ್ರಾಹಕರಂತೆ ಪ್ರಶ್ನೆ ಕೇಳಿ ನೋಡಬೇಕು. ಅವರು ಹುಡುಕು ಪೆಟ್ಟಿಗೆಯಲ್ಲಿ ‘ದುಡ್ಡು ಕಟ್’ ಎಂದು ಟೈಪ್ ಮಾಡಿ ಏನೂ ಸಿಗದಿದ್ದರೆ, ಪುಟ ಇನ್ನೂ ‘ಡೆಬಿಟ್ ವಿವಾದ’ ಎಂಬ ಕಚೇರಿ ಭಾಷೆಯಲ್ಲೇ ಇದೆ ಎಂದರ್ಥ. ಬಿಡುಗಡೆಯ ನಂತರದ ಮೊದಲ ವಾರದ ಟಿಕೆಟ್‌ಗಳು ಇದಕ್ಕಿಂತ ಕಠಿಣ ಪರೀಕ್ಷೆ. ಒಂದೇ ಪ್ರಶ್ನೆ ಮೇಲ್ವಿಚಾರಕರ ಬಳಿಗೆ ಮತ್ತೆ ಮತ್ತೆ ಹೋಗುತ್ತಿದ್ದರೆ ಆ ನಮೂದು ಇಲ್ಲ, ಅಥವಾ ಇದ್ದೂ ಅರ್ಥವಾಗುತ್ತಿಲ್ಲ.

ಹೊಸ ಸೇವೆ ತರುವ ತಂಡಗಳಲ್ಲಿ ಒಂದು ಮನವಿ: ಡೆಕ್ಕಿನ ಕರಡು ಸಿದ್ಧವಾದ ದಿನವೇ ಕರೆ ಎತ್ತುವ ಸಿಬ್ಬಂದಿಯಲ್ಲಿ ಒಬ್ಬರನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳಿ. ಯಾವ ಸ್ಲೈಡಿಗೆ ಯಾವ ಕರೆ ಬರುತ್ತದೆ ಎಂದು ಅವರು ಹೇಳಬಲ್ಲರು, ಆ ಸ್ಲೈಡನ್ನು ತಿದ್ದಲು ಆಗಿನ್ನೂ ಸಮಯವಿರುತ್ತದೆ.