ಒಂದು ಹನಿಗೆ ಒಂದು ಮಿಲಿಗ್ರಾಂ

ಕೊಳವೆಬಾವಿಯ ನೀರನ್ನು ಪರೀಕ್ಷೆಗೆ ಕೊಟ್ಟು ತಂದ ವರದಿಯಲ್ಲಿ ‘ಒಟ್ಟು ಗಡಸುತನ’ ಎಂಬ ಸಾಲೊಂದು ಇರುತ್ತದೆ. ಅದರ ಎದುರು ‘ಲೀಟರಿಗೆ 203.777 ಮಿಲಿಗ್ರಾಂ’ ಎಂದು ಅಚ್ಚಾಗಿದೆ ಎಂದಿಟ್ಟುಕೊಳ್ಳಿ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಗಡಸುತನದ ಸ್ವೀಕಾರಾರ್ಹ ಮಿತಿ 200. ಬೇರೆ ನೀರಿನ ಮೂಲ ಇಲ್ಲದಿದ್ದರೆ 600ರವರೆಗೂ ಒಪ್ಪಬಹುದು. ಹಾಗಾದರೆ ಈ ನೀರು ಮೊದಲ ಮಿತಿಯನ್ನು ದಾಟಿದೆಯೇ? ದಾಟಿದೆ ಎನ್ನಲು ಆ 203.777ರಲ್ಲಿ ಯಾವ ಅಂಕಿಯವರೆಗೆ ನಂಬಬಹುದು? ಇದಕ್ಕೆ ಉತ್ತರ ಆ ಕಾಗದದಲ್ಲಿ ಸಿಗುವುದಿಲ್ಲ. ಪ್ರಯೋಗಾಲಯದ ಮೇಜಿನ ಮೇಲಿದ್ದ ಗಾಜಿನ ಸಾಮಾನುಗಳಲ್ಲಿ ಸಿಗುತ್ತದೆ.

ಗಡಸುತನ ಅಳೆಯುವ ವಿಧಾನ ಹಳೆಯದು, ಸರಳವೂ ಹೌದು. ಸ್ವಿಟ್ಜರ್ಲೆಂಡಿನ ರಸಾಯನಶಾಸ್ತ್ರಜ್ಞ ಗೆರೋಲ್ಡ್ ಶ್ವಾರ್ಟ್ಸನ್‌ಬಾಖ್ 1940ರ ದಶಕದಲ್ಲಿ ರೂಪಿಸಿದ ಇಡಿಟಿಎ ಟೈಟ್ರೇಶನ್ ಇಂದಿಗೂ ಕಾಲೇಜಿನ ಲ್ಯಾಬಿನಲ್ಲೂ ನೀರು ಪರೀಕ್ಷಿಸುವ ಕಡೆಯಲ್ಲೂ ನಡೆಯುತ್ತಿದೆ. 50 ಮಿಲಿಲೀಟರ್ ನೀರನ್ನು ಕೋನಿಕಲ್ ಫ್ಲಾಸ್ಕಿಗೆ ಹಾಕಿ, ಅಮೋನಿಯಾ ಬಫರ್ ಸೇರಿಸಿ ಪಿಎಚ್ 10ಕ್ಕೆ ತರುತ್ತಾರೆ. ಎರಿಯೋಕ್ರೋಮ್ ಬ್ಲ್ಯಾಕ್ ಟಿ ಎಂಬ ಸೂಚಕವನ್ನು ಚಿಟಿಕೆಯಷ್ಟು ಹಾಕಿದರೆ ನೀರು ದ್ರಾಕ್ಷಾರಸದ ಕೆಂಪಾಗುತ್ತದೆ. ಬ್ಯೂರೆಟ್‌ನಿಂದ ಇಡಿಟಿಎ ಬಿಡುತ್ತಾ ಹೋದರೆ ಅದು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಒಂದೊಂದಾಗಿ ಹಿಡಿದಿಡುತ್ತದೆ. ಕೊನೆಯ ಕೆಂಪು ಛಾಯೆ ಹೋಗಿ ಶುದ್ಧ ನೀಲಿ ಬಂದಾಗ ನಿಲ್ಲಿಸಬೇಕು. ಸಿಗುವ ಉತ್ತರವನ್ನು ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ ಹೇಳುವುದು ರೂಢಿ.

ಒಂದು ಉದಾಹರಣೆಯನ್ನು ಪೂರ್ತಿ ಲೆಕ್ಕ ಹಾಕೋಣ. ಇಡಿಟಿಎ ದ್ರಾವಣದ ಬಲ ಮೊದಲೇ ಗೊತ್ತಿರುವುದಿಲ್ಲ, ಅದನ್ನೂ ಅಳೆಯಬೇಕು. 1.000 ಗ್ರಾಂ ಶುದ್ಧ ಕ್ಯಾಲ್ಸಿಯಂ ಕಾರ್ಬೊನೇಟನ್ನು ಆಮ್ಲದಲ್ಲಿ ಕರಗಿಸಿ ಒಂದು ಲೀಟರ್ ಮಾಡಿದರೆ ಅದರ ಪ್ರತಿ ಮಿಲಿಲೀಟರಿನಲ್ಲಿ 1 ಮಿಲಿಗ್ರಾಂ ಇರುತ್ತದೆ. ಇದೇ ಮಾನಕ ದ್ರಾವಣ. ಇದರ 25.00 ಮಿಲಿಲೀಟರಿಗೆ 25.15 ಮಿಲಿಲೀಟರ್ ಇಡಿಟಿಎ ಬೇಕಾಯಿತು. ಅಂದರೆ 1 ಮಿಲಿಲೀಟರ್ ಇಡಿಟಿಎ 0.99403… ಮಿಲಿಗ್ರಾಂ ಕಾರ್ಬೊನೇಟಿಗೆ ಸಮ. ಬಳಿಕ ನಮ್ಮ ನೀರಿನ ಸರದಿ. ಬ್ಯೂರೆಟ್ ಮೊದಲು 0.40, ಕೊನೆಗೆ 10.65 ತೋರಿಸಿತು. ಖರ್ಚಾದದ್ದು 10.25 ಮಿಲಿಲೀಟರ್. ಇದನ್ನು 0.99403ರಿಂದ ಗುಣಿಸಿ, ಲೀಟರಿಗೆ ತರಲು 1000ದಿಂದ ಗುಣಿಸಿ, 50.00ರಿಂದ ಭಾಗಿಸಿದರೆ ಕ್ಯಾಲ್ಕುಲೇಟರಿನ ಪರದೆಯಲ್ಲಿ 203.777 ಮೂಡುತ್ತದೆ.

ಈಗ ಬ್ಯೂರೆಟ್‌ನ ತುದಿಯನ್ನು ನೋಡಿ. ಅಲ್ಲಿಂದ ಬೀಳುವ ಒಂದು ಹನಿ ಸುಮಾರು 0.05 ಮಿಲಿಲೀಟರ್. ಅದೇ ಸೂತ್ರಕ್ಕೆ ಹಾಕಿದರೆ ಒಂದು ಹನಿಗೆ ಲೀಟರಿಗೆ ಒಂದು ಮಿಲಿಗ್ರಾಂ ಗಡಸುತನ ಬರುತ್ತದೆ. 203.777ರಲ್ಲಿ ಬಿಂದುವಿನ ನಂತರದ್ದೆಲ್ಲ ಒಂದು ಹನಿಯೊಳಗಿನ ಮಾತು. ಕೊನೆಯ 7 ಅಂತೂ ಹನಿಯ ನೂರನೇ ಒಂದು ಭಾಗಕ್ಕಿಂತ ಕಡಿಮೆ. ಅಷ್ಟು ಸೂಕ್ಷ್ಮವಾಗಿ ಯಾರ ಕೈಯೂ ನಲ್ಲಿ ತಿರುಗಿಸಲಾರದು.

ಹಾಗಾದರೆ ಎಷ್ಟು ಸೂಕ್ಷ್ಮ ಸಾಧ್ಯ? ಬ್ಯೂರೆಟ್‌ನ ಗೆರೆಗಳು 0.1 ಮಿಲಿಲೀಟರಿಗೊಂದು. ಎರಡು ಗೆರೆಗಳ ನಡುವೆ ಕಣ್ಣಂದಾಜಿನಲ್ಲಿ ಓದುವಾಗ 0.02 ಆಚೀಚೆ ಆಗುತ್ತದೆ. ಹಾಗೆ ಓದುವುದು ಎರಡು ಸಲ, ಆರಂಭದಲ್ಲಿ ಮತ್ತು ಕೊನೆಯಲ್ಲಿ. ನೀಲಿ ಬಂದಿತೆಂದು ಕಣ್ಣು ತೀರ್ಮಾನಿಸುವುದರಲ್ಲಿ ಇನ್ನೊಂದು 0.03 ಇಟ್ಟುಕೊಳ್ಳಬಹುದು. ಈ ಕ್ರಿಯೆ ಕೊನೆಯಲ್ಲಿ ನಿಧಾನವಾಗುತ್ತದೆ. ಹನಿ ಹನಿಯ ನಡುವೆ ಮೂರರಿಂದ ಐದು ಸೆಕೆಂಡ್ ಕಾಯದವರು ಸುಲಭವಾಗಿ ಒಂದು ಹನಿ ಹೆಚ್ಚು ಹಾಕಿಬಿಡುತ್ತಾರೆ. ಇನ್ನು ಗಾಜಿನದೇ ದೋಷ: ‘ಎ’ ದರ್ಜೆಯ 50 ಮಿಲಿಲೀಟರ್ ಬ್ಯೂರೆಟ್‌ಗೆ ±0.05 ತಪ್ಪಿನವರೆಗೆ ಮಾಫಿ ಇದೆ. ಅದು ಗರಿಷ್ಠ ಮಿತಿಯಾದ್ದರಿಂದ ಅದನ್ನು 3ರ ವರ್ಗಮೂಲದಿಂದ ಭಾಗಿಸಿ 0.029 ಎಂದು ತೆಗೆದುಕೊಳ್ಳುವುದು ವಾಡಿಕೆ.

ಇವನ್ನು ಸುಮ್ಮನೆ ಕೂಡಿಸಬಾರದು. ಮೊದಲ ಓದು ಮೇಲಕ್ಕೆ ತಪ್ಪಿದಾಗ ಎರಡನೆಯದೂ ಕಣ್ಣಿನ ತೀರ್ಮಾನವೂ ಅದೇ ದಿಕ್ಕಿಗೆ ತಪ್ಪಬೇಕೆಂದೇನಿಲ್ಲ. ಮೂರು ಹೆಜ್ಜೆ ಪೂರ್ವಕ್ಕೆ, ನಾಲ್ಕು ಹೆಜ್ಜೆ ಉತ್ತರಕ್ಕೆ ನಡೆದವನು ಹೊರಟ ಜಾಗದಿಂದ ಐದೇ ಹೆಜ್ಜೆ ದೂರ ಇರುತ್ತಾನಲ್ಲ, ಹಾಗೆ. ಒಂದಕ್ಕೊಂದು ಸಂಬಂಧವಿಲ್ಲದ ತಪ್ಪುಗಳನ್ನು ವರ್ಗ ಮಾಡಿ, ಕೂಡಿಸಿ, ವರ್ಗಮೂಲ ತೆಗೆಯಬೇಕು. ಹಾಗೆ ಮಾಡಿದರೆ 10.25 ಮಿಲಿಲೀಟರಿನ ಅನಿಶ್ಚಿತತೆ 0.05, ಸರಿಯಾಗಿ ಒಂದು ಹನಿ.

ಕೂಡಿಸಿ ಕಳೆಯುವಾಗ ಮಿಲಿಲೀಟರಿನಲ್ಲೇ ಲೆಕ್ಕ ಹಾಕಿದೆವು. ಗುಣಿಸಿ ಭಾಗಿಸುವಾಗ ಮಾತ್ರ ಶೇಕಡಾವಾರಿಗೆ ಬರಬೇಕು. 10.25ರಲ್ಲಿ 0.05 ಅಂದರೆ ಶೇ 0.49. ಮಾನಕೀಕರಣದ 25.15ರಲ್ಲೂ ಅದೇ 0.05, ಆದರೆ ಅಲ್ಲಿ ಅದು ಶೇ 0.20 ಮಾತ್ರ. ಎರಡು ಪಿಪೆಟ್‌ಗಳು ಶೇ 0.07 ಮತ್ತು 0.06. ಮಾನಕ ದ್ರಾವಣದ ತೂಕ, ಶುದ್ಧತೆ, ಫ್ಲಾಸ್ಕು ಎಲ್ಲಕ್ಕೂ ಸೇರಿ ಶೇ 0.1 ಎನ್ನೋಣ. ಸೂತ್ರದ 1000 ಎಂಬುದು ಅಳತೆಯಲ್ಲ, ಲೀಟರಿನಲ್ಲಿ ಎಷ್ಟು ಮಿಲಿಲೀಟರ್ ಎಂಬ ಎಣಿಕೆ, ಅದಕ್ಕೆ ಅನಿಶ್ಚಿತತೆಯಿಲ್ಲ. ವರ್ಗಗಳನ್ನು ಕೂಡಿಸಿ ಮೂಲ ತೆಗೆದರೆ ಶೇ 0.55. ಇದರಲ್ಲೊಂದು ಸ್ವಾರಸ್ಯವಿದೆ. ಮೊದಲನೆಯದೊಂದೇ 0.49 ಇತ್ತು. ಉಳಿದ ನಾಲ್ಕೂ ಸೇರಿ ಅದನ್ನು ಏರಿಸಿದ್ದು 0.55ಕ್ಕೆ ಅಷ್ಟೆ. ನಾಲ್ಕು ದಶಮಾಂಶದ ತಕ್ಕಡಿ ಕೊಂಡರೆ ಫಲಿತಾಂಶ ಸುಧಾರಿಸುತ್ತದೆ ಎಂದುಕೊಳ್ಳುವವರು ಈ ಸಾಲನ್ನು ಎರಡು ಸಲ ಓದಬೇಕು.

203.8ರ ಶೇ 0.55 ಅಂದರೆ 1.1. ನೂರರಲ್ಲಿ 95 ಸಲ ನಿಜವಾದ ಬೆಲೆ ಒಳಗಿರಬೇಕಾದ ಪಟ್ಟಿ ಬೇಕಾದರೆ ಇದನ್ನು ಎರಡರಿಂದ ಗುಣಿಸುತ್ತಾರೆ. ವರದಿಯಲ್ಲಿ ಬರೆಯಬೇಕಾದದ್ದು: ಲೀಟರಿಗೆ 203.8 ± 2.2 ಮಿಲಿಗ್ರಾಂ. ಇದು ದುಪ್ಪಟ್ಟು ಮಾಡಿದ ಅನಿಶ್ಚಿತತೆ ಎಂಬುದನ್ನೂ ಅಲ್ಲೇ ಹೇಳಬೇಕು. ಮೊದಲು ಅನಿಶ್ಚಿತತೆಯನ್ನು ಒಂದು ಅಥವಾ ಎರಡು ಅಂಕಿಗೆ ಇಳಿಸಿ, ಬಳಿಕ ಉತ್ತರವನ್ನು ಅದೇ ದಶಮಾಂಶ ಸ್ಥಾನಕ್ಕೆ ತರುವುದು ಸರಿಯಾದ ಕ್ರಮ. ಪಟ್ಟಿಯ ಕೆಳತುದಿ 201.6. ಹಾಗಾಗಿ ಈ ನೀರು 200ರ ಮಿತಿ ದಾಟಿದೆ ಎಂದು ಧೈರ್ಯವಾಗಿ ಹೇಳಬಹುದು.

ಈಗ ಒಂದೇ ಒಂದು ಬದಲಾವಣೆ ಮಾಡೋಣ. ನೀರನ್ನು ಪಿಪೆಟ್‌ನಲ್ಲಿ ಎಳೆಯುವ ಬದಲು 50 ಮಿಲಿಲೀಟರಿನ ಅಳತೆ ಸಿಲಿಂಡರಿನಲ್ಲಿ ಸುರಿದರು ಎನ್ನಿ. ಸಾಮಾನ್ಯ ದರ್ಜೆಯ ಸಿಲಿಂಡರಿಗೆ ±1 ಮಿಲಿಲೀಟರ್ ಮಾಫಿ. 3ರ ವರ್ಗಮೂಲದಿಂದ ಭಾಗಿಸಿದರೂ ಅದೊಂದೇ ಶೇ 1.15 ಆಗಿ, ಬ್ಯೂರೆಟ್‌ನ ತಪ್ಪನ್ನು ನುಂಗಿಹಾಕುತ್ತದೆ. ಒಟ್ಟು ಶೇ 1.3, ದುಪ್ಪಟ್ಟು ಮಾಡಿದರೆ 5. ಉತ್ತರ 204 ± 5. ಪಟ್ಟಿ 199ರಿಂದ ಆರಂಭವಾಗುತ್ತದೆ, ಅಂದರೆ ಮಿತಿ ಅದರೊಳಗೇ ಇದೆ. ಅದೇ ನೀರು, ಅದೇ 10.25, ಕ್ಯಾಲ್ಕುಲೇಟರಿನಲ್ಲಿ ಅದೇ 203.777. ಆದರೆ ಮಿತಿ ದಾಟಿದೆ ಎಂದು ಹೇಳುವ ಹಕ್ಕು ಹೋಯಿತು. ಪರೀಕ್ಷಾ ಪ್ರಯೋಗಾಲಯಗಳ ಅಂತರರಾಷ್ಟ್ರೀಯ ಮಾನಕ ಐಎಸ್‌ಒ/ಐಇಸಿ 17025 ಅನಿಶ್ಚಿತತೆಯನ್ನು ಲೆಕ್ಕ ಹಾಕಲೇಬೇಕೆಂದು ಕೇಳುವುದು ಇಂಥ ಕಡೆ ಏಕೆಂಬುದು ಅರ್ಥವಾಗುತ್ತದೆ.

ಶಾಲೆಯಲ್ಲಿ ಕಲಿಸುವ ಸಾರ್ಥಕ ಅಂಕಿಗಳ ನಿಯಮ ಈ ವ್ಯತ್ಯಾಸವನ್ನು ಕಾಣಲಾರದು. ಗುಣಿಸುವಾಗ ಅತಿ ಕಡಿಮೆ ಸಾರ್ಥಕ ಅಂಕಿ ಇರುವುದರಷ್ಟೇ ಉತ್ತರದಲ್ಲೂ ಇರಲಿ ಎಂಬುದು ಆ ನಿಯಮ. 25.00, 25.15, 10.25, 50.00 ಎಲ್ಲದರಲ್ಲೂ ನಾಲ್ಕು. ಹಾಗಾಗಿ ಉತ್ತರ 203.8. ಇಲ್ಲಿ ಅದು ನಮ್ಮ ಲೆಕ್ಕಕ್ಕೆ ಹೊಂದಿತು, ನಿಜ. ಆದರೆ ಬರೀ 203.8 ಎಂದು ಬರೆದರೆ ಓದುಗ 203.7ಕ್ಕೂ 203.9ಕ್ಕೂ ನಡುವೆ ಎಲ್ಲೋ ಇದೆ ಎಂದುಕೊಳ್ಳುತ್ತಾನೆ. ನಿಜವಾದ ಹರಹು ಅದರ ಇಪ್ಪತ್ತು ಪಟ್ಟು. ± ಜೊತೆಗಿಲ್ಲದಿದ್ದರೆ 204 ಎಂದು ನಿಲ್ಲಿಸುವುದೇ ಮೇಲು ಎಂಬುದು ನನ್ನ ಅಭಿಪ್ರಾಯ.

ವಿದ್ಯಾರ್ಥಿಗಳು ಎಡವುವ ಜಾಗ ಇನ್ನೊಂದಿದೆ. 0.40ರಲ್ಲಿ ಸಾರ್ಥಕ ಅಂಕಿ ಎರಡೇ ಎಂದು 10.65 − 0.40 ಅನ್ನು 10ಕ್ಕೆ ಇಳಿಸಿಬಿಡುತ್ತಾರೆ. ಕಳೆಯುವಾಗ ನೋಡಬೇಕಾದದ್ದು ಸಾರ್ಥಕ ಅಂಕಿಗಳ ಎಣಿಕೆಯಲ್ಲ, ದಶಮಾಂಶ ಸ್ಥಾನ. ಎರಡರಲ್ಲೂ ಎರಡು ಸ್ಥಾನ ಇರುವುದರಿಂದ 10.25 ಸರಿ. ಹಾಗೆಯೇ 0.99403 ಅನ್ನು ನಡುವೆಯೇ 0.99 ಎಂದು ಕತ್ತರಿಸಿ ಮುಂದುವರಿದರೆ ಉತ್ತರ 203.0ಕ್ಕೆ ಇಳಿಯುತ್ತದೆ. ಮುಕ್ಕಾಲು ಹನಿಯಷ್ಟು ತಪ್ಪನ್ನು ಪೆನ್ಸಿಲೇ ಮಾಡಿದಂತಾಯಿತು. ಅಂಕಿ ಕತ್ತರಿಸುವುದು ಕೊನೆಯ ಸಾಲಿನಲ್ಲಿ ಮಾತ್ರ.

ಅನಿಶ್ಚಿತತೆಯನ್ನು ಕಡಿಮೆ ಮಾಡಲು ಹೊಳೆಯುವ ಮೊದಲ ಉಪಾಯ 100 ಮಿಲಿಲೀಟರ್ ನೀರು ತೆಗೆದುಕೊಳ್ಳುವುದು. ಆಗ 20.50 ಮಿಲಿಲೀಟರ್ ಖರ್ಚಾಗಿ, ಒಂದು ಹನಿಯ ತೂಕ ಅರ್ಧವಾಗುತ್ತದೆ. ಆದರೆ ಈ ಟೈಟ್ರೇಶನ್‌ಗೆ ತನ್ನದೇ ಕಟ್ಟುಪಾಡಿದೆ. ಪಿಎಚ್ 10ರಲ್ಲಿ ಗಡಸು ನೀರು ಹೆಚ್ಚು ಹೊತ್ತು ನಿಂತರೆ ಕ್ಯಾಲ್ಸಿಯಂ ಕಾರ್ಬೊನೇಟ್ ತಳಕ್ಕೆ ಇಳಿಯತೊಡಗುತ್ತದೆ, ನೀಲಿ ಬಣ್ಣ ಬಂದು ಮತ್ತೆ ಕೆಂಪಿಗೆ ತಿರುಗುತ್ತದೆ. ಆದ್ದರಿಂದಲೇ ಬಫರ್ ಹಾಕಿದ ಐದು ನಿಮಿಷದೊಳಗೆ, 15 ಮಿಲಿಲೀಟರಿಗಿಂತ ಕಡಿಮೆ ಇಡಿಟಿಎಯಲ್ಲಿ ಮುಗಿಸಬೇಕೆಂದು ಪ್ರಮಾಣಿತ ವಿಧಾನ ಹೇಳುತ್ತದೆ. ಉಳಿಯುವ ದಾರಿ ಮತ್ತೆ ಮತ್ತೆ ಮಾಡಿ ಸರಾಸರಿ ತೆಗೆಯುವುದು. ಮೂರು ಸಲ ಮಾಡಿದರೆ ಓದು ಮತ್ತು ಕಣ್ಣಿನ ತಪ್ಪು ಇಳಿಯುತ್ತದೆ, ಬ್ಯೂರೆಟ್‌ನ ಗಾಜಿನ ತಪ್ಪು ಇದ್ದಲ್ಲೇ ಇರುತ್ತದೆ. ±2.2 ಇದ್ದದ್ದು ±1.8ಕ್ಕೆ ಬರುತ್ತದೆ. ಮೂರು ಪಟ್ಟು ದುಡಿಮೆಗೆ ಇಷ್ಟೇ ಕೂಲಿ. ಅದೂ ಮೂರು ಓದುಗಳಲ್ಲಿ ‘ಹೊಂದುವ’ ಎರಡನ್ನು ಇಟ್ಟುಕೊಂಡು ಮೂರನೆಯದನ್ನು ಬಿಸಾಡಿದರೆ ಸಿಗುವುದಿಲ್ಲ. ಲ್ಯಾಬ್ ಪುಸ್ತಕಗಳಲ್ಲಿ ಒಂದೇ ಬೆಲೆ ಸಾಲಾಗಿ ಮೂರು ಸಲ ಬರೆದಿರುವುದನ್ನು ನೋಡಿದಾಗೆಲ್ಲ ನನಗೆ ಸಂಶಯವೇ.

ಇಷ್ಟೆಲ್ಲ ಎಚ್ಚರ ವಹಿಸಿದ ಮೇಲೂ ಕೈಕೊಡುವ ಲೆಕ್ಕ ಮೆಗ್ನೀಸಿಯಂನದು. ಅದನ್ನು ನೇರವಾಗಿ ಅಳೆಯುವುದಿಲ್ಲ. ಪಿಎಚ್ 12ರಿಂದ 13ರಲ್ಲಿ ಮೆಗ್ನೀಸಿಯಂ ಹೈಡ್ರಾಕ್ಸೈಡಾಗಿ ಬೇರ್ಪಡುವುದರಿಂದ, ಬೇರೆ ಸೂಚಕ ಬಳಸಿ ಕ್ಯಾಲ್ಸಿಯಂ ಮಾತ್ರ ಟೈಟ್ರೇಟ್ ಮಾಡಿ, ಒಟ್ಟು ಗಡಸುತನದಿಂದ ಕಳೆಯುತ್ತಾರೆ. ನಮ್ಮ ನೀರಿನ ಕ್ಯಾಲ್ಸಿಯಂ ಗಡಸುತನ 170.9 ± 2.0 ಬಂದಿತೆನ್ನಿ. ಮೆಗ್ನೀಸಿಯಂ ಪಾಲು 203.8 − 170.9, ಅಂದರೆ 32.9. ಉತ್ತರ ಚಿಕ್ಕದಾಯಿತು, ಅನಿಶ್ಚಿತತೆ ಚಿಕ್ಕದಾಗಲಿಲ್ಲ. 2.2 ಮತ್ತು 2.0ರ ವರ್ಗಗಳನ್ನು ಕೂಡಿಸಿ ಮೂಲ ತೆಗೆದರೆ ಅದು 3. ಶೇಕಡಾ ಒಂದರಷ್ಟು ನಿಖರವಾಗಿದ್ದ ಎರಡು ಅಳತೆಗಳಿಂದ ಶೇಕಡಾ ಒಂಬತ್ತರಷ್ಟು ಸಡಿಲವಾದ ಮೂರನೆಯದು ಹುಟ್ಟಿತು. ವರದಿಯಲ್ಲಿ ಮೆಗ್ನೀಸಿಯಂ ಗಡಸುತನ 33 ± 3 ಎಂದಿದ್ದರೆ ಒಪ್ಪಬಹುದು. 32.87 ಎಂದಿದ್ದರೆ, ಆ ಪ್ರಯೋಗಾಲಯದವರಿಗೆ ಫೋನ್ ಮಾಡಿ ನೀರನ್ನು ಪಿಪೆಟ್‌ನಲ್ಲಿ ತೆಗೆದುಕೊಂಡಿರೋ ಸಿಲಿಂಡರಿನಲ್ಲೋ ಎಂದೂ ಒಮ್ಮೆ ಕೇಳಿ.